ವಿಷಯದ ಸಾಲು ಬದಲಿಸುವುದು ಯಾವಾಗ, ಹೊಸ ಮೇಲ್ ಯಾವಾಗ: ಮೂರು ಲೋಡ್ ಜೋಳದ ಕಥೆಯಲ್ಲಿ

ಈ ಸುಗ್ಗಿಯಲ್ಲಿ ನಮ್ಮ ಅಂಗಡಿಗೆ 40 ಟನ್ ಮೆಕ್ಕೆಜೋಳದ ಆರ್ಡರ್ ಬಂತು. ಬಂದದ್ದು ನಮಗೆ ಗೊತ್ತಾಗಿದ್ದು ಮೂರು ದಿನ ಕಳೆದ ಮೇಲೆ. ಮೇಲ್ ಸ್ಪ್ಯಾಮ್‌ಗೆ ಹೋಗಿರಲಿಲ್ಲ. ಇನ್‌ಬಾಕ್ಸ್‌ನಲ್ಲಿ ಕಣ್ಣೆದುರಿಗೇ ಇತ್ತು. ಆದರೆ ಅದರ ತಲೆಯ ಮೇಲಿದ್ದ ಹೆಸರು "Re: 2ನೇ ಲೋಡ್ ತೇವಾಂಶ ಕಡಿತ". ಹಿಂದಿನ ಲೋಡ್‌ನಲ್ಲಿ ತೇವ ಜಾಸ್ತಿ ಅಂತ ದುಡ್ಡು ಕಡಿದ ಆ ತಕರಾರು ಮುಗಿದು ವಾರ ಆಗಿತ್ತು. "ಅದೇ ಹಳೇ ಕಡಿತದ್ದು, ಸರಿ ಅಂತ ಬರೆದಿರ್ತಾರೆ, ಆಮೇಲೆ ನೋಡಿದ್ರಾಯ್ತು ಬಿಡಮ್ಮಾ" ಅಂದರು ಅಂಗಡಿಯ ಯಜಮಾನರು. ನಾನೂ ಬಿಟ್ಟೆ. ಶನಿವಾರ ಮಧ್ಯಾಹ್ನ ಬಂದ ಮೇಲ್ ಅನ್ನು ಮಂಗಳವಾರ ಬೆಳಿಗ್ಗೆ ತೆರೆದಾಗ ಅದರಲ್ಲಿ ಹೀಗಿತ್ತು: "ಮುಂದಿನ ತಿಂಗಳು 40 ಟನ್ ಬೇಕು, ಸೋಮವಾರದೊಳಗೆ ದರ ತಿಳಿಸಿ."

ಫೋನ್ ಮಾಡಿದೆವು. ಅಷ್ಟರಲ್ಲಿ ಅರ್ಧ ಮಾಲು ಬೇರೆಯವರಿಗೆ ಹೋಗಿತ್ತು.

ನಾನು ದಾವಣಗೆರೆಯಲ್ಲಿ ಒಂದು ಜೋಳದ ವ್ಯಾಪಾರದ ಆಫೀಸಿನಲ್ಲಿ ಲೆಕ್ಕ, ಪತ್ರವ್ಯವಹಾರ ಎರಡನ್ನೂ ನೋಡಿಕೊಳ್ಳುತ್ತೇನೆ. ಕೋಳಿ ಆಹಾರ ಮಾಡುವ ಕಂಪನಿಗಳಿಗೆ ಲೋಡ್‌ಗಟ್ಟಲೆ ಜೋಳ ಕಳಿಸುವುದು ನಮ್ಮ ಕೆಲಸ. ದರದಿಂದ ಹಿಡಿದು ದುಡ್ಡು ಬರುವವರೆಗೆ ಎಲ್ಲಾ ಮೇಲ್‌ನಲ್ಲೇ. ಆ 40 ಟನ್ನಿನ ಪೆಟ್ಟು ಬಿದ್ದ ಮೇಲೆ, ಯಾವ ಮೇಲ್‌ಗೆ ಯಾವ ಹೆಸರು ಇರಬೇಕು, ಹೆಸರು ಯಾವಾಗ ಬದಲಿಸಬೇಕು, ಯಾವಾಗ ರಿಪ್ಲೈ ಬಿಟ್ಟು ಹೊಸದಾಗಿ ಶುರು ಮಾಡಬೇಕು ಅಂತ ಕೂತು ವಿಂಗಡಿಸಿದೆ. ಅದೇ ವ್ಯವಹಾರವನ್ನು ಇಟ್ಟುಕೊಂಡು ಇಲ್ಲಿ ಬರೆಯುತ್ತಿದ್ದೇನೆ. ದರ, ಆರ್ಡರ್ ನಂಬರ್, ತಾರೀಖುಗಳನ್ನು ಮಾತ್ರ ಬದಲಿಸಿದ್ದೇನೆ.

ವಿಷಯ ಬೇರೆ, ಉಲ್ಲೇಖ ಬೇರೆ

ಕನ್ನಡದಲ್ಲಿ ಅರ್ಜಿ ಬರೆದವರಿಗೆಲ್ಲ ಈ ಎರಡು ಸಾಲು ಗೊತ್ತು. ಮೇಲೆ "ವಿಷಯ:", ಅದರ ಕೆಳಗೆ "ಉಲ್ಲೇಖ:". ವಿಷಯ ಅಂದರೆ ಈ ಪತ್ರ ಯಾವುದರ ಬಗ್ಗೆ ಅನ್ನುವುದು. ಉಲ್ಲೇಖ ಅಂದರೆ ಇದು ಯಾವ ಹಳೆಯ ಪತ್ರಕ್ಕೆ ಸೇರಿದ್ದು ಅನ್ನುವುದು. ತಾಲ್ಲೂಕು ಆಫೀಸಿಗೆ ಬರೆಯುವಾಗ ಈ ಎರಡನ್ನೂ ನಾವು ಒಂದಕ್ಕೊಂದು ಕಲಸುವುದಿಲ್ಲ. ಮೇಲ್‌ನಲ್ಲಿ ಮಾತ್ರ ಕಲಸುತ್ತೇವೆ. ಯಾಕೆಂದರೆ ಅಲ್ಲಿ ಉಲ್ಲೇಖದ ಸಾಲು ಕಣ್ಣಿಗೆ ಕಾಣುವುದಿಲ್ಲ.

ಕಾಣುವುದಿಲ್ಲ ಅಷ್ಟೇ, ಇಲ್ಲ ಅಂತಲ್ಲ. ಪ್ರತಿ ಮೇಲ್‌ಗೂ ಒಂದು ಗುರುತಿನ ಸಂಖ್ಯೆ ಇರುತ್ತದೆ. ನೀವು ರಿಪ್ಲೈ ಒತ್ತಿದ ಕೂಡಲೇ, ಯಾವ ಮೇಲ್‌ಗೆ ಉತ್ತರ ಕೊಡುತ್ತಿದ್ದೀರೋ ಅದರ ಸಂಖ್ಯೆ ನಿಮ್ಮ ಮೇಲ್‌ನ ಒಳಗೆ ಸೇರಿಕೊಳ್ಳುತ್ತದೆ. ಒಳಗೆ ಹೀಗಿರುತ್ತದೆ:

```
Message-ID: <po118@example.com>
In-Reply-To: <dara-3@example.com>
References: <dara-1@example.com> <dara-2@example.com> <dara-3@example.com>
```

ಮೊದಲನೆಯದು ಈ ಮೇಲ್‌ನ ಸ್ವಂತ ಗುರುತು. ಎರಡನೆಯದು ಇದರ ತಂದೆ. ಮೂರನೆಯದು ತಾತ, ಮುತ್ತಾತರನ್ನೂ ಸೇರಿಸಿದ ವಂಶಾವಳಿ. ನೋಡಬೇಕಿದ್ದರೆ ಕಂಪ್ಯೂಟರ್‌ನಲ್ಲಿ ಜಿಮೇಲ್ ತೆರೆದು, ಯಾವುದಾದರೂ ಮೇಲ್‌ನ ಬಲಗಡೆ ಇರುವ ಮೂರು ಚುಕ್ಕಿ ಒತ್ತಿ, "Show original" ಆರಿಸಿ. ವಿಷಯ ಕನ್ನಡದಲ್ಲಿದ್ದರೆ ಅಲ್ಲಿ ಒಳಗಿನ ಪಠ್ಯದಲ್ಲಿ `=?UTF-8?` ಅಂತ ಶುರುವಾಗುವ ವಿಚಿತ್ರ ಅಕ್ಷರಗಳು ಕಾಣಬಹುದು. ಗಾಬರಿ ಬೇಡ, ಅದು ಕನ್ನಡವನ್ನು ಕಟ್ಟಿ ಕಳಿಸುವ ರೀತಿ.

ಅಂದಹಾಗೆ, ವಿಷಯದ ಮುಂದೆ ಕೂರುವ "Re:" ಅನ್ನು ನಾನು ಇಷ್ಟು ವರ್ಷ ರಿಪ್ಲೈ ಅನ್ನುವುದರ ಚುಟುಕು ರೂಪ ಅಂದುಕೊಂಡಿದ್ದೆ. ಮೇಲ್‌ನ ರೂಪವನ್ನು ಹೇಳುವ RFC 5322 ಅನ್ನುವ 2008ರ ನಿಯಮಪತ್ರದಲ್ಲಿ, ಅದು ಲ್ಯಾಟಿನ್‌ನ "in re" ಅಂತ ಇದೆ. ಅರ್ಥ, "ಈ ವಿಷಯದಲ್ಲಿ". ನಮ್ಮ ಅರ್ಜಿಯ ಭಾಷೆಯೇ ಅಲ್ವಾ?

ಈಗ ಮುಖ್ಯವಾದ ಮಾತು. ರಿಪ್ಲೈ ಒತ್ತಿ, ವಿಷಯ ಅಳಿಸಿ, ಕೆಳಗಿನದನ್ನೆಲ್ಲ ಅಳಿಸಿ, ಬೇರೆ ಮಾತು ಬರೆದರೆ ಅದು ಹೊಸ ಮೇಲ್ ಆಗುವುದಿಲ್ಲ. ಒಳಗಿನ ಉಲ್ಲೇಖ ಹಾಗೇ ಇರುತ್ತದೆ. ಥಂಡರ್‌ಬರ್ಡ್ ಥರದ ಸಾಫ್ಟ್‌ವೇರ್ ಆ ಉಲ್ಲೇಖ ನೋಡಿಯೇ ಮೇಲ್‌ಗಳನ್ನು ಒಟ್ಟಿಗೆ ಕಟ್ಟುತ್ತದೆ. ಆ ಕಟ್ಟಿಗೇ ಥ್ರೆಡ್ ಅನ್ನುವುದು. ಹಾಗಾಗಿ ನಿಮ್ಮ "ಹೊಸ" ಮೇಲ್ ಅವರ ಪರದೆಯಲ್ಲಿ ಹಳೆಯ ಥ್ರೆಡ್‌ನ ಕೊಂಬೆಯಾಗಿ ನೇತಾಡುತ್ತದೆ. ಅವರು ಆ ಥ್ರೆಡ್ ಮಡಚಿಟ್ಟಿದ್ದರೆ ಅದರೊಳಗೇ ಮುಚ್ಚಿಹೋಗುತ್ತದೆ. ಜಿಮೇಲ್‌ನಲ್ಲಿ ಬೇರೆ ಥರ. ಅದು ಉಲ್ಲೇಖವನ್ನೂ ನೋಡುತ್ತದೆ, ವಿಷಯವನ್ನೂ ನೋಡುತ್ತದೆ. ವಿಷಯ ಬದಲಾದರೆ ಅಲ್ಲಿಗೆ ಥ್ರೆಡ್ ಮುರಿದು ಇನ್‌ಬಾಕ್ಸ್‌ನಲ್ಲಿ ಬೇರೆ ಸಾಲಾಗಿ ಕೂರುತ್ತದೆ. ಒಂದು ಥ್ರೆಡ್‌ನಲ್ಲಿ 100 ಮೇಲ್ ದಾಟಿದರೂ ಮುರಿಯುತ್ತದೆ, ಆದರೆ ಅಷ್ಟು ದೂರ ನಮ್ಮ ಜೋಳ ಹೋಗುವುದಿಲ್ಲ.

ಅಂದರೆ ನೀವು ಮಾಡಿದ್ದು ನಿಮ್ಮ ಪರದೆಯಲ್ಲಿ ಒಂದು ಥರ, ಅವರ ಪರದೆಯಲ್ಲಿ ಇನ್ನೊಂದು ಥರ ಕಾಣಬಹುದು. ಅದಕ್ಕೇ ವಿಷಯ ಬದಲಿಸುವುದಾದರೆ ಒಳಗಿನ ಉಲ್ಲೇಖವೂ ಸರಿ ಇರುವ ಹಾಗೆ ಬದಲಿಸಬೇಕು. ಹೊಸದೇ ಬೇಕು ಅಂದರೆ ನಿಜವಾಗಿ ಹೊಸದನ್ನೇ ಶುರು ಮಾಡಬೇಕು.

ಕಳಿಸುವ ಮುಂಚೆ ಕೇಳಿಕೊಳ್ಳುವ ಮೂರು ಪ್ರಶ್ನೆ

ಇವನ್ನು ಇದೇ ಕ್ರಮದಲ್ಲಿ ಕೇಳಿಕೊಳ್ಳಿ. ಯಾವುದರಲ್ಲಿ ಹೊಸ ಮೇಲ್ ಅಂತ ತೀರ್ಮಾನ ಆಯಿತೋ, ಅದರ ಮುಂದಿನದು ಬೇಕಾಗುವುದೇ ಇಲ್ಲ.

ಒಂದು: ಈ ಮೇಲ್ ನೋಡುವವರೆಲ್ಲ ಕೆಳಗಿರುವ ಹಳೇ ಮೇಲ್‌ಗಳನ್ನೂ ನೋಡಬಹುದಾ? ಒಬ್ಬರಾದರೂ ನೋಡಬಾರದವರು ಇದ್ದರೆ ಹೊಸ ಮೇಲ್. ಇದರಲ್ಲಿ ಎರಡನೇ ಮಾತಿಲ್ಲ.

ಎರಡು: ಕೆಳಗಿನ ಹಳೇ ಮೇಲ್ ಇಲ್ಲದೆ ಈ ಕೆಲಸ ಅವರಿಗೆ ಅರ್ಥವಾಗುತ್ತದಾ? ಆಗುತ್ತದೆ ಅಂದರೆ ಹೊಸ ಮೇಲ್. ಆಗುವುದಿಲ್ಲ ಅಂದರೆ ರಿಪ್ಲೈಯಲ್ಲೇ ಇರಿ.

ಮೂರು: ರಿಪ್ಲೈಯಲ್ಲೇ ಇರುವುದಾದರೆ, ಮೇಲಿರುವ ಹೆಸರು ಈಗಲೂ ನಿಜವಾ? ಆರು ತಿಂಗಳಾದ ಮೇಲೆ ಇದನ್ನು ಹುಡುಕುವವರು ಆ ಹೆಸರಿನಲ್ಲಿ ಹುಡುಕುತ್ತಾರಾ? ಹೌದು ಅಂದರೆ ಹಾಗೇ ಬಿಡಿ. ಇಲ್ಲ ಅಂದರೆ ಹೆಸರು ಬದಲಿಸಿ.

ಜಾಸ್ತಿ ಜನ ಮೂರನೆಯದನ್ನು ಮಾತ್ರ ಕೇಳಿಕೊಳ್ಳುತ್ತಾರೆ, "ಮಾತು ಬೇರೆ ಆಯ್ತು, ಹೆಸರು ಬದಲಿಸೋಣ" ಅಂತ. ನನ್ನ ಅನುಭವದಲ್ಲಿ ಮಾತು ಬೇರೆ ಆಯಿತೋ ಇಲ್ಲವೋ ಅನ್ನುವುದು ಒಳ್ಳೆ ಅಳತೆಯಲ್ಲ. ಒಂದು ವ್ಯವಹಾರದಲ್ಲಿ ಮಾತು ದಿನಕ್ಕೆರಡು ಸಲ ಹೊರಳುತ್ತದೆ. ಕೆಲಸ ಬೇರೆ ಆಯಿತಾ, ಮಾಡುವವರು ಬೇರೆಯಾದರಾ ಅಂತ ನೋಡಬೇಕು.

ಆ ವ್ಯವಹಾರ, ದಿನ ದಿನಕ್ಕೆ

ನವೆಂಬರ್ 3ಕ್ಕೆ ಕೋಳಿ ಆಹಾರದ ಕಂಪನಿಯ ಪರ್ಚೇಸ್ ಮೇಡಂ ಒಂದು ಮೇಲ್ ಕಳಿಸಿದರು. ವಿಷಯ, "ಮೆಕ್ಕೆಜೋಳ ದರ ವಿಚಾರಣೆ". 60 ಟನ್ ಬೇಕು, ಮೂರು ಲೋಡ್, ದರ ಎಷ್ಟು ಅಂತ. ನಾವು ಕ್ವಿಂಟಲ್‌ಗೆ ₹2,150 ಅಂದೆವು. ಅವರು 2,100 ಅಂದರು. ತೇವಾಂಶ 14%ಗಿಂತ ಮೇಲೆ ಬಂದರೆ ತೂಕದಲ್ಲಿ ಕಡಿತ ಅಂದರು. ಯಜಮಾನರು ಫೋನಿನಲ್ಲಿ ಮಾತಾಡಿ 2,120ಕ್ಕೆ ಒಪ್ಪಿಕೊಂಡು, "ಇದನ್ನ ಮೇಲ್‌ನಲ್ಲಿ ಹಾಕಮ್ಮಾ, ಬಾಯಿಮಾತು ಬೇಡ" ಅಂದರು. ಹಾಕಿದೆ.

ಇಲ್ಲಿವರೆಗೆ ಆರೇಳು ಮೇಲ್ ಓಡಾಡಿವೆ. ದರ, ತೇವಾಂಶ, ದುಡ್ಡು ಕೊಡುವ ದಿನ, ಮೂರು ಬೇರೆ ಬೇರೆ ಮಾತು ಬಂದಿವೆ. ಆದರೆ ಕೆಲಸ ಒಂದೇ, ದರ ಕುದುರಿಸುವುದು. ಜನವೂ ಅವರೇ. ಇಲ್ಲಿ ವಿಷಯ ಮುಟ್ಟಬಾರದು. ನಾನು ಹಿಂದೆ ಇಂಥ ಕಡೆ "ಪರಿಷ್ಕೃತ ದರ", "ಅಂತಿಮ ದರ", "ಅಂತಿಮ ದರ 2" ಅಂತ ಪ್ರತಿ ಸಲವೂ ಹೆಸರು ಬದಲಿಸುತ್ತಿದ್ದೆ. ಚೊಕ್ಕಟ ಅನಿಸುತ್ತಿತ್ತು. ಆದರೆ ಜಿಮೇಲ್‌ನಲ್ಲಿ ಅದು ನಾಲ್ಕು ತುಂಡಾಗಿ ಬೀಳುತ್ತಿತ್ತು. ಯಾವುದು ಕೊನೆಯದು ಅಂತ ಅವರೂ ಕೇಳುತ್ತಿದ್ದರು, ನಾನೂ ಹುಡುಕುತ್ತಿದ್ದೆ. "ತುರ್ತು", "ದಯವಿಟ್ಟು ಗಮನಿಸಿ" ಅಂತ ನಡುವೆ ಸೇರಿಸಿದರೂ ಇದೇ ಗತಿ. ಅವಸರ ಇದ್ದರೆ ಮೇಲ್‌ನ ಮೊದಲ ಸಾಲಿನಲ್ಲಿ ಬರೆಯಿರಿ, ಇಲ್ಲಾ ಫೋನ್ ಮಾಡಿ.

ನವೆಂಬರ್ 6ಕ್ಕೆ ಅವರ ಪರ್ಚೇಸ್ ಆರ್ಡರ್ ಬಂತು, ಪಿಒ ನಂಬರ್ 118. ಅದೇ ಥ್ರೆಡ್‌ಗೆ ರಿಪ್ಲೈ ಆಗಿ, "ಮೆಕ್ಕೆಜೋಳ ದರ ವಿಚಾರಣೆ" ಅನ್ನುವ ಹೆಸರಿನಲ್ಲೇ. ಇಲ್ಲಿ ಕೆಲಸ ಬದಲಾಯಿತು. ಇನ್ನು ವಿಚಾರಣೆ ಇಲ್ಲ, ಮಾಲು ಕಳಿಸುವುದು. ನಾಳೆ ಯಾರೇ ಹುಡುಕಿದರೂ "118" ಅಂತಲೇ ಹುಡುಕುತ್ತಾರೆ. ಆದರೆ ಒಪ್ಪಿದ ದರ, ತೇವಾಂಶದ ಷರತ್ತು ಎರಡೂ ಕೆಳಗಿನ ಮೇಲ್‌ಗಳಲ್ಲಿವೆ. ಅವು ಕೆಳಗೆ ಇರಲೇಬೇಕು. ಹಾಗಾಗಿ ರಿಪ್ಲೈಯಲ್ಲೇ ಇದ್ದು ಹೆಸರು ಬದಲಿಸುವುದು ಸರಿ. ಪಿಒ ಸಿಕ್ಕಿತು ಅಂತ ಉತ್ತರ ಕೊಡುವಾಗ ನಾನು ಹೀಗೆ ಬದಲಿಸಬೇಕಿತ್ತು:

"ಪಿಒ 118: ಮೆಕ್ಕೆಜೋಳ 60 ಟನ್, 3 ಲೋಡ್ (ಹಿಂದಿನದು: ಮೆಕ್ಕೆಜೋಳ ದರ ವಿಚಾರಣೆ)"

ಆವರಣದಲ್ಲಿ ಹಳೇ ಹೆಸರು ಯಾಕೆ ಅಂದರೆ, ಜಿಮೇಲ್‌ನವರಿಗೆ ಇದು ಬೇರೆ ಸಾಲಾಗಿ ಕಾಣುತ್ತದೆ. "ಇದೇನಿದು ಹೊಸದು" ಅಂತ ಅವರು ತಡವರಿಸಬಾರದು. ಅವರು ಉತ್ತರ ಕೊಟ್ಟ ಮೇಲೆ ಆವರಣ ತೆಗೆಯಲು ಹೋಗಬೇಡಿ, ತೆಗೆದರೆ ಜಿಮೇಲ್‌ನಲ್ಲಿ ಮತ್ತೊಮ್ಮೆ ಮುರಿಯುತ್ತದೆ. ಮುಖ್ಯ ಪದ ಮೊದಲು ಬರಲಿ. ಫೋನಿನ ಪರದೆಯಲ್ಲಿ ವಿಷಯದ ಮೊದಲ ನಾಲ್ಕೈದು ಪದ ಕಂಡರೆ ಹೆಚ್ಚು, ಉಳಿದದ್ದು ಕತ್ತರಿಸಿ ಹೋಗುತ್ತದೆ.

ನಾನು ಬದಲಿಸಲಿಲ್ಲ. "ವಿಚಾರಣೆ" ಅನ್ನುವ ಹೆಸರಿನಲ್ಲೇ ಮಾಲು ಕಳಿಸುವ ಮಾತೆಲ್ಲಾ ನಡೆಯಿತು.

ನವೆಂಬರ್ 8ಕ್ಕೆ ಲಾರಿ ಬೇಕಿತ್ತು. ಇಲ್ಲಿ ನಾನು ಮಾಡಿದ ತಪ್ಪು ಇನ್ನೂ ದೊಡ್ಡದು. ಇಳಿಸುವ ಜಾಗದ ವಿಳಾಸ ಆ ಥ್ರೆಡ್‌ನಲ್ಲೇ ಇತ್ತಲ್ಲ, ಮತ್ತೆ ಟೈಪ್ ಮಾಡುವುದು ಯಾಕೆ ಅಂತ ಲಾರಿ ಏಜೆಂಟರನ್ನು ಸಿಸಿಯಲ್ಲಿ ಸೇರಿಸಿ, "ಸೋಮವಾರ ಬೆಳಿಗ್ಗೆ ಮೊದಲ ಲಾರಿ ಬೇಕು" ಅಂತ ರಿಪ್ಲೈ ಆಲ್ ಕೊಟ್ಟೆ. ಅವರಿಗೆ ಬೇಕಾಗಿದ್ದು ವಿಳಾಸ, ತೂಕ, ದಿನ. ಅವರಿಗೆ ಹೋಗಿದ್ದು ನಮ್ಮ ದರದ ಚೌಕಾಸಿಯಿಡೀ. ಎರಡು ದಿನ ಕಳೆದು ಯಜಮಾನರು ಎಪಿಎಂಸಿ ಹತ್ತಿರ ಮಂಡಕ್ಕಿ-ಮಿರ್ಚಿ ತಿನ್ನುತ್ತಾ ನಿಂತಾಗ ಪಕ್ಕದ ಅಂಗಡಿಯವರು ನಗುತ್ತಾ ಕೇಳಿದರಂತೆ, "ಏನ್ರೀ, 2,120ಕ್ಕೆ ಬಿಟ್ರಂತಲ್ಲ?" ಯಜಮಾನರು ಆಫೀಸಿಗೆ ಬಂದು ನನಗೆ ಏನೂ ಅನ್ನಲಿಲ್ಲ. ಅಂದಿದ್ದರೇ ಚೆನ್ನಾಗಿತ್ತು.

ಇದು ಮೊದಲ ಪ್ರಶ್ನೆಯಲ್ಲೇ ನಿಲ್ಲುವ ಕೇಸು. ವಿಷಯ ಬದಲಿಸಿದರೂ ಇಲ್ಲಿ ಉಪಯೋಗ ಇರಲಿಲ್ಲ, ಕೆಳಗಿನದು ಹೋಗಿಯೇ ಹೋಗುತ್ತಿತ್ತು. ಬೇಕಾಗಿದ್ದು ಹೊಸ ಮೇಲ್, ಏಜೆಂಟರಿಗೆ ಮಾತ್ರ. ವಿಷಯ: "ಲಾರಿ ಬೇಕು: 10-11 ಸೋಮವಾರ, 20 ಟನ್ ಜೋಳ". ಒಳಗೆ ವಿಳಾಸವನ್ನು ಕಾಪಿ ಮಾಡಿ ಹಾಕಿದರೆ ಅರ್ಧ ನಿಮಿಷದ ಕೆಲಸ. ಮೂರು ಲೋಡ್‌ಗೆ ಮೂರು ಸಲ ಕಳಿಸುವುದಾದರೆ ಪ್ರತಿ ಸಲವೂ ತಾರೀಖು ವಿಷಯದಲ್ಲೇ ಇರಲಿ. ಸುಮ್ನೆ "ಲಾರಿ ಬೇಕು" ಅಂತ ಮೂರು ಸಲ ಕಳಿಸಿದರೆ ಕೆಲವು ಆ್ಯಪ್‌ಗಳು ಹೆಸರು ಒಂದೇ ಅಂತ ಮೂರನ್ನೂ ಒಟ್ಟಿಗೆ ಸೇರಿಸಿಬಿಡುತ್ತವೆ. ಅಲ್ಲಿ ಎರಡನೇ ಲಾರಿ ಕೇಳಿದ್ದು ಕಾಣದೆ ಹೋಗಬಹುದು.

ನವೆಂಬರ್ 12ಕ್ಕೆ ಎರಡನೇ ಲೋಡ್ ಇಳಿಯಿತು. ಅಲ್ಲಿ ಅಳೆದಾಗ ತೇವಾಂಶ 15.5%. ಒಪ್ಪಿದ್ದು 14. ಒಂದೂವರೆ ಜಾಸ್ತಿ. 20 ಟನ್‌ಗೆ ಒಂದೂವರೆ ಪರ್ಸೆಂಟ್ ಅಂದರೆ 300 ಕೆಜಿ, ಮೂರು ಕ್ವಿಂಟಲ್. 2,120ರ ದರದಲ್ಲಿ ₹6,360 ಕಡಿತ ಅಂತ ಅವರು ಬರೆದರು. ನಮ್ಮ ಮೀಟರ್‌ನಲ್ಲಿ ಲೋಡ್ ಮಾಡುವಾಗ 14.2 ಇತ್ತು. ತಕರಾರು ಶುರು.

ಇಲ್ಲಿ ಮೂರು ಪ್ರಶ್ನೆ ಹಾಕಿ ನೋಡಿ. ಜನ ಯಾರು? ಪರ್ಚೇಸ್ ಮೇಡಂ, ಜೊತೆಗೆ ಅವರದೇ ಕಂಪನಿಯ ಅಕೌಂಟ್ಸ್‌ನವರು ಹೊಸದಾಗಿ ಸೇರುತ್ತಾರೆ. ಅವರು ದರ ನೋಡಿದರೆ ನಷ್ಟ ಇಲ್ಲ, ಅವರೇ ದುಡ್ಡು ಕೊಡುವವರು. ಕೆಳಗಿನದು ಬೇಕಾ? ಬೇಕೇ ಬೇಕು, 14%ರ ಷರತ್ತು ಅಲ್ಲಿದೆ. ಹೆಸರು ನಿಜವಾ? ಇಲ್ಲ. ಹಾಗಾಗಿ ರಿಪ್ಲೈ, ಹೆಸರು ಬದಲಿಸಿ: "ಪಿಒ 118, 2ನೇ ಲೋಡ್: ತೇವಾಂಶ ಕಡಿತ ₹6,360".

ಆದರೆ ಯಾವ ಮೇಲ್‌ಗೆ ರಿಪ್ಲೈ? ಇದನ್ನು ಯಾರೂ ಯೋಚಿಸುವುದಿಲ್ಲ. ಕೊನೆಯ ಮೇಲ್‌ಗೇ ಒತ್ತುತ್ತೇವೆ. ಕೊನೆಯದರಲ್ಲಿ ಅಡಿಯಿಂದ ತುದಿಯವರೆಗೆ ಎಲ್ಲಾ ಇರುತ್ತದೆ, ಲಾರಿ ಡ್ರೈವರ್ ಫೋನ್ ಎತ್ತಲಿಲ್ಲ ಅನ್ನುವುದೂ ಸೇರಿ. ಅದರ ಬದಲು ಥ್ರೆಡ್‌ನಲ್ಲಿ ಮೇಲೆ ಹೋಗಿ, ಪಿಒ ಬಂದ ನವೆಂಬರ್ 6ರ ಮೇಲ್ ಬಿಡಿಸಿ, ಅದರ ಬಲಗಡೆಯ ರಿಪ್ಲೈ ಬಾಣ ಒತ್ತಿ. ಆಗ ಆ ಮೇಲ್ ಮತ್ತು ಅದರ ಹಿಂದಿನ ದರದ ಮಾತು ಮಾತ್ರ ಕೆಳಗೆ ಬರುತ್ತದೆ. ಉಲ್ಲೇಖವೂ ಪಿಒಗೇ ಕಟ್ಟಿಕೊಳ್ಳುತ್ತದೆ. ಜಗಳದ ಕಾಗದಕ್ಕೆ ಜಗಳದ ದಾಖಲೆ ಮಾತ್ರ ಜೊತೆಯಲ್ಲಿರುತ್ತದೆ.

ಇನ್ನೊಂದು ಬಲೆ ಇದೆ. ರಿಪ್ಲೈ ಮಾಡಿದರೆ ಹಳೇ ಅಟ್ಯಾಚ್‌ಮೆಂಟ್ ಜೊತೆಯಲ್ಲಿ ಹೋಗುವುದಿಲ್ಲ. ಫಾರ್ವರ್ಡ್ ಮಾಡಿದರೆ ಹೋಗುತ್ತದೆ. ಹೊಸದಾಗಿ ಸೇರಿದ ಅಕೌಂಟ್ಸ್‌ನವರ ಹತ್ತಿರ ಪಿಒ ಪಿಡಿಎಫ್ ಇರುವುದಿಲ್ಲ. ಪಿಒ, ನಮ್ಮ ಮೀಟರ್‌ನ ಫೋಟೊ, ವೇಬ್ರಿಡ್ಜ್ ಚೀಟಿ, ಮೂರನ್ನೂ ಮತ್ತೆ ಹಾಕಬೇಕು. ನಾನು ಪಿಒ ಮರೆತೆ. "ಪಿಒ ಕಳಿಸಿ" ಅಂತ ಅವರು ಎರಡು ದಿನ ತಗೊಂಡರು. ಕೊನೆಗೆ ಅರ್ಧಕ್ಕರ್ಧ ಹಂಚಿಕೊಂಡು ₹3,180ಕ್ಕೆ ಮುಗಿಯಿತು.

ಆಮೇಲೆ ಬಂದದ್ದೇ ಆ ಶನಿವಾರದ 40 ಟನ್ನಿನ ಮೇಲ್. ಮೇಡಂ ಏನು ಮಾಡಿರಬೇಕು ಅಂತ ಈಗ ಗೊತ್ತಾಗುತ್ತದೆ. ಅವರ ಇನ್‌ಬಾಕ್ಸ್‌ನಲ್ಲಿ ನಮ್ಮ ಹೆಸರು ಹುಡುಕಿದರು. ಮೇಲೆ ಸಿಕ್ಕಿದ್ದು ಕಡಿತದ ಥ್ರೆಡ್. ಅದಕ್ಕೇ ರಿಪ್ಲೈ ಒತ್ತಿದರು. ಹಳೇ ಥ್ರೆಡ್ ಅನ್ನು ವಿಳಾಸದ ಪುಸ್ತಕದ ಥರ ಬಳಸುವುದು ನಮ್ಮೆಲ್ಲರ ಅಭ್ಯಾಸ. ಹೊಸ ತಿಂಗಳ ಆರ್ಡರ್‌ಗೆ ಹಳೇ ಕಡಿತದ ಮಾತು ಏನೂ ಬೇಡ. ಎರಡನೇ ಪ್ರಶ್ನೆಯಲ್ಲೇ ಇದು ಹೊಸ ಮೇಲ್ ಅಂತ ಗೊತ್ತಾಗುತ್ತದೆ: "ಮೆಕ್ಕೆಜೋಳ 40 ಟನ್, ಡಿಸೆಂಬರ್: ದರ ಬೇಕು".

ಪರದೆಯ ಮೇಲೆ ಮಾಡುವುದು ಹೇಗೆ

ಕಂಪ್ಯೂಟರ್‌ನ ಜಿಮೇಲ್‌ನಲ್ಲಿ ರಿಪ್ಲೈ ಒತ್ತಿದರೆ ವಿಷಯದ ಸಾಲು ಕಾಣುವುದೇ ಇಲ್ಲ. ಅದಕ್ಕೇ ಜನ ಬದಲಿಸುವುದಿಲ್ಲ ಅಂತ ನನ್ನ ಅನುಮಾನ. ಬರೆಯುವ ಪೆಟ್ಟಿಗೆಯ ಎಡಗಡೆ ಮೇಲೆ, ಯಾರಿಗೆ ಅನ್ನುವ ಹೆಸರಿನ ಪಕ್ಕ, ಒಂದು ಸಣ್ಣ ಬಾಣ ಇದೆ. ಅದನ್ನು ಒತ್ತಿದರೆ "Edit subject" ಅಂತ ಬರುತ್ತದೆ. ಅದನ್ನು ಆರಿಸಿದರೆ ಬರೆಯುವ ಕಿಟಕಿ ಬೇರೆಯಾಗಿ ತೆರೆದು ವಿಷಯ ತಿದ್ದಲು ಸಿಗುತ್ತದೆ. ಫೋನಿನಲ್ಲಿ ರಿಪ್ಲೈ ಪೂರ್ತಿ ಪರದೆಗೆ ತೆರೆದುಕೊಂಡರೆ ವಿಷಯ ಮೇಲೇ ಇರುತ್ತದೆ, ಮುಟ್ಟಿ ತಿದ್ದಬಹುದು.

ತಿದ್ದಿದ ಮೇಲೆ ಕೆಳಗೆ ಏನು ಹೋಗುತ್ತಿದೆ ಅಂತ ನೋಡಿ. ಜಿಮೇಲ್ ಹಳೇ ಮೇಲ್‌ಗಳನ್ನು ಮೂರು ಚುಕ್ಕಿಯ ಒಂದು ಸಣ್ಣ ಗುಂಡಿಯ ಹಿಂದೆ ಅಡಗಿಸಿರುತ್ತದೆ. ಕಾಣುವುದಿಲ್ಲ ಅಂತ ಹೋಗುವುದಿಲ್ಲ ಅಂದುಕೊಳ್ಳಬೇಡಿ. ಲಾರಿ ಏಜೆಂಟರ ವಿಷಯದಲ್ಲಿ ನನಗೆ ಮೋಸ ಆಗಿದ್ದು ಅಲ್ಲೇ. ಆ ಚುಕ್ಕಿ ಒತ್ತಿ, ಬಿಡಿಸಿ, ಬೇಡದ್ದನ್ನು ಅಳಿಸಿ. ಆಮೇಲೆ ಯಾರಿಗೆ, ಸಿಸಿ ಎರಡನ್ನೂ ಓದಿ. ಹಳೇ ಥ್ರೆಡ್‌ನ ಜನ ಹಾಗೇ ಉಳಿದಿರುತ್ತಾರೆ, ಅವರಲ್ಲಿ ಅರ್ಧ ಜನಕ್ಕೆ ಹೊಸ ಕೆಲಸ ಸಂಬಂಧವೇ ಇರುವುದಿಲ್ಲ.

ಹೊಸ ಮೇಲ್ ಆದರೆ "Compose" ಒತ್ತಿಯೇ ಶುರು ಮಾಡಿ. ಹಳೆಯದರ ನಂಟು ಸ್ವಲ್ಪ ಬೇಕಿದ್ದರೆ ಅರ್ಜಿಯ ಪದ್ಧತಿಯನ್ನೇ ತನ್ನಿ. ಮೊದಲ ಸಾಲಿನಲ್ಲಿ "ಉಲ್ಲೇಖ: ನಿಮ್ಮ ಪಿಒ 118, ನವೆಂಬರ್ 6ರ ಮೇಲ್" ಅಂತ ಬರೆಯಿರಿ. ಹಳೇ ವಿಷಯದ ಹೆಸರನ್ನು ಅಕ್ಷರ ತಪ್ಪದೆ ಬರೆದರೆ ಇನ್ನೂ ಒಳ್ಳೆಯದು, ಅವರು ಹುಡುಕುವ ಪೆಟ್ಟಿಗೆಯಲ್ಲಿ ಹಾಕಿದರೆ ಸಿಗುತ್ತದೆ. ಜಿಮೇಲ್‌ನಲ್ಲಿ ಹೀಗೆ ಹುಡುಕಬಹುದು:

```
subject:"ಪಿಒ 118" has:attachment
```

ಹಳೇ ಥ್ರೆಡ್‌ನಲ್ಲಿ ನಾಲ್ಕೈದು ಜನ ಇದ್ದು, ಅವರಲ್ಲಿ ಕೆಲವರು ಹೊಸದಕ್ಕೂ ಬೇಕಾದವರು ಆಗಿದ್ದರೆ, ಹಳೆಯದರಲ್ಲಿ ಒಂದು ಸಾಲು ಹಾಕಿ ಮುಚ್ಚಿ: "ಡಿಸೆಂಬರ್ ಆರ್ಡರ್‌ನ ಮಾತು ಬೇರೆ ಮೇಲ್‌ನಲ್ಲಿ ಕಳಿಸಿದ್ದೇನೆ, ಉತ್ತರ ಅಲ್ಲಿ ಕೊಡಿ." ಇಬ್ಬರೇ ಇದ್ದರೆ ಇದು ಬೇಡ.

ಬೇರೆಯವರು ಹೆಸರು ಕೆಡಿಸಿದಾಗ

ಗಿರಾಕಿಗೆ "ನೀವು ತಪ್ಪು ಥ್ರೆಡ್‌ನಲ್ಲಿ ಕಳಿಸಿದ್ದೀರಿ" ಅಂತ ಬರೆಯಲು ಆಗುತ್ತದಾ? ನಾವು ಮಾಲು ಮಾರುವವರು. ಹೇಳದೇ ಸರಿ ಮಾಡಬೇಕು. ಅವರ ಮೇಲ್‌ಗೇ ರಿಪ್ಲೈ ಒತ್ತಿ, ಹೆಸರು ಬದಲಿಸಿ, ಕೆಳಗೆ ಅವರು ಈಗ ಬರೆದ ಎರಡು ಸಾಲು ಮಾತ್ರ ಉಳಿಸಿ, ಮಿಕ್ಕಿದ್ದು ಅಳಿಸಿ. ಮೊದಲ ಸಾಲಿನಲ್ಲಿ, "ಮೇಡಂ, ಹುಡುಕಲು ಸುಲಭ ಆಗಲಿ ಅಂತ ಹೊಸ ಹೆಸರು ಕೊಟ್ಟಿದ್ದೇನೆ." ಅವರು ಅದಕ್ಕೇ ಉತ್ತರ ಕೊಡುತ್ತಾರೆ, ಮುಂದಿನದೆಲ್ಲಾ ಹೊಸ ಹೆಸರಿನಲ್ಲಿ ಹೋಗುತ್ತದೆ.

ಹಾಗಾದರೆ ಇದು ಪೂರ್ತಿ ಹೊಸ ಮೇಲ್ ಅಲ್ಲವಲ್ಲ, ಒಳಗೆ ಹಳೇ ಉಲ್ಲೇಖ ಇದೆಯಲ್ಲ ಅಂತ ಕೇಳಬಹುದು. ನಿಜ. ಆದರೆ ಅವರು ಕೇಳಿದ್ದಕ್ಕೆ ಉತ್ತರ ಬಂತು ಅಂತ ಅವರ ಪರದೆಯಲ್ಲಿ ಕಾಣುವುದು ಇಲ್ಲಿ ಹೆಚ್ಚು ಮುಖ್ಯ. ಕಂಪ್ಯೂಟರ್‌ನ ಅಚ್ಚುಕಟ್ಟಿಗಾಗಿ ಗಿರಾಕಿಯನ್ನು ಗಲಿಬಿಲಿ ಮಾಡುವುದು ಬೇಡ.

ಮುಟ್ಟಲೇಬಾರದ ವಿಷಯ

ಬ್ಯಾಂಕು, ಸಾಫ್ಟ್‌ವೇರ್ ಕಂಪನಿ, ತೂಕದ ಯಂತ್ರ ರಿಪೇರಿಯವರು ಕಳಿಸುವ ಮೇಲ್‌ಗಳಲ್ಲಿ ವಿಷಯದಲ್ಲೇ ದೂರಿನ ನಂಬರ್ ಇರುತ್ತದೆ. ಅಂಥ ಕಡೆ ಹಲವು ಸಲ ಮನುಷ್ಯರಿಗಿಂತ ಮೊದಲು ಯಂತ್ರ ಓದುತ್ತದೆ, ಆ ನಂಬರ್ ನೋಡಿ ನಿಮ್ಮ ಉತ್ತರವನ್ನು ಸರಿಯಾದ ದೂರಿಗೆ ಸೇರಿಸುತ್ತದೆ. ನೀವು ಚೆಂದಕ್ಕೆ ಅಂತ ನಂಬರ್ ಅಳಿಸಿದರೆ ಅದು ಹೊಸ ದೂರಾಗಿ ಮತ್ತೆ ಸಾಲಿನ ಕೊನೆಗೆ ಹೋಗಿ ನಿಲ್ಲಬಹುದು. ನಮ್ಮ ವೇಬ್ರಿಡ್ಜ್‌ನ ದೂರಿಗೆ ನಾನು ವಿಷಯದಲ್ಲಿ "ತುರ್ತು!!" ಅಂತ ಬರೆದು ನಂಬರ್ ತೆಗೆದಿದ್ದೆ. ಮೊದಲಿಂದ ಮತ್ತೆ ಅದೇ ಪ್ರಶ್ನೆಗಳು ಬಂದವು, ಯಂತ್ರ ಯಾವ ಮಾಡೆಲ್, ಏನು ತೊಂದರೆ ಅಂತ. ಇದಕ್ಕೆ ತದ್ವಿರುದ್ಧ ತಪ್ಪೂ ಇದೆ. ಹೊಸ ತೊಂದರೆಯನ್ನು ಮುಗಿದ ದೂರಿನ ಮೇಲ್‌ಗೆ ರಿಪ್ಲೈ ಆಗಿ ಕಳಿಸಿದರೆ ಅದು ಮುಚ್ಚಿದ ಕಡತದೊಳಗೆ ಬೀಳಬಹುದು. ಹಳೇ ತೊಂದರೆ ಆದರೆ ಹಳೇ ನಂಬರ್, ಹೊಸದಾದರೆ ಹೊಸ ಮೇಲ್.

40 ಟನ್ನಿನಲ್ಲಿ ಉಳಿದ ಅರ್ಧ ನಮಗೇ ಸಿಕ್ಕಿತು. ಒಂದು ಲೋಡ್, "ಮೆಕ್ಕೆಜೋಳ 20 ಟನ್, ಡಿಸೆಂಬರ್" ಅನ್ನುವ ಹೆಸರಿನಲ್ಲಿ. ಮೊನ್ನೆ ಬೆಳಿಗ್ಗೆ ಅದೇ ಥ್ರೆಡ್‌ಗೆ "Re:" ಅಂತ ಮೇಡಂ ಮೇಲ್ ಬಂತು. ಡಿಸೆಂಬರ್ ಮುಗಿದಿದೆಯಲ್ಲ ಅಂತ ಈ ಸಲ ತಕ್ಷಣ ತೆರೆದೆ. ಒಳಗೆ ಫೆಬ್ರುವರಿಗೆ 60 ಟನ್ ಬೇಕು ಅಂತ ಇತ್ತು. ರಿಪ್ಲೈ ಒತ್ತಿ, ಸಣ್ಣ ಬಾಣ ಒತ್ತಿ, ಹೆಸರು ಬದಲಿಸಿ, ದರ ಹಾಕಿ ಕಳಿಸಿದೆ.